ಆಂಜಿಯೋಗ್ರಾಮ್ ನಾರ್ಮಲ್, ಆದರೂ ಎದೆ ಬಿಗಿಯುವುದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಚನ್ನಗಿರಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. 11 ವರ್ಷದಿಂದ ಶುಗರ್. ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಏಳೆಂಟು ತಿಂಗಳಿಂದ ಬೇಗ ನಡೆದರೆ, ಕೊಡ ಹೊತ್ತರೆ ಎದೆ ಮಧ್ಯೆ ಯಾರೋ ಬಿಗಿಯಾಗಿ ಹಿಡಿದಂತಾಗುತ್ತದೆ. ದವಡೆವರೆಗೂ ಬರುತ್ತದೆ. ಕೂತ ಮೇಲೂ ಹದಿನೈದು ಇಪ್ಪತ್ತು ನಿಮಿಷ ಬಿಡುವುದಿಲ್ಲ. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಟಿಎಂಟಿ ಪಾಸಿಟಿವ್ ಬಂತು ಅಂತ ಆಂಜಿಯೋಗ್ರಾಮ್ ಮಾಡಿದರು. ಬ್ಲಾಕ್ ಇಲ್ಲ, ಟಿಎಂಟಿ ಸುಳ್ಳು ತೋರಿಸಿದೆ, ಗ್ಯಾಸ್ಟ್ರಿಕ್ ಮತ್ತು ಟೆನ್ಷನ್ ಅಂದರು. ಹೃದಯದ ಮಾತ್ರೆ ಎಲ್ಲ ನಿಲ್ಲಿಸಿದರು. ಈಗ ಮೆಟ್‌ಫಾರ್ಮಿನ್ 1 ಗ್ರಾಂ ದಿನಕ್ಕೆ ಎರಡು ಸಲ, ಗ್ಯಾಸ್ಟ್ರಿಕ್ ಮಾತ್ರೆ, ರಾತ್ರಿ ನಿದ್ದೆಗೆ ಒಂದು ಮಾತ್ರೆ. ಮೂರು ತಿಂಗಳ ಶುಗರ್ 8.6, ರಕ್ತ 9.8. ನೋವು ಹಾಗೇ ಇದೆ. ಮನೆಯಲ್ಲಿ ಹೇಳಿದರೆ "ಎಲ್ಲಾ ನಾರ್ಮಲ್ ಅಂದ್ರಲ್ಲ" ಅಂತಾರೆ. ಇದು ನನ್ನ ಮನಸ್ಸಿನದ್ದಾ? ಮತ್ತೆ ಆಂಜಿಯೋಗ್ರಾಮ್ ಮಾಡಿಸಬೇಕಾ? ಹಾರ್ಟ್ ಅಟ್ಯಾಕ್ ಆಗುತ್ತಾ?

ಉತ್ತರ: ಇದು ನಿಮ್ಮ ಮನಸ್ಸಿನ ನೋವು ಅಂತ ನನಗೆ ಅನ್ನಿಸುವುದಿಲ್ಲ. ನೀವು ಬರೆದಿರುವ ರೀತಿ ನೋಡಿದರೆ ಹೃದಯದ್ದೇ ನೋವು ಎಂಬ ಅನುಮಾನ ಬಲವಾಗಿದೆ. ಆದರೆ ಅದೇ ಆಂಜಿಯೋಗ್ರಾಮ್ ಇನ್ನೊಂದು ಸಲ ಮಾಡಿಸಿದರೆ ಅದೇ ಉತ್ತರ ಬರುತ್ತದೆ. ಅದಕ್ಕೆ ಹಾಕುವ ಡೈ ಶುಗರ್ ಇರುವವರ ಕಿಡ್ನಿಗೆ ಸುಮ್ನೆ ಒಂದು ಹೊರೆ. ಅದು ಬೇಡ.

ಆಂಜಿಯೋಗ್ರಾಮ್ ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತದೆ: ಹೃದಯದ ದೊಡ್ಡ ರಕ್ತನಾಳಗಳಲ್ಲಿ ಬ್ಲಾಕ್ ಇದೆಯಾ, ಸ್ಟೆಂಟ್ ಬೇಕಾ? ನಿಮ್ಮಲ್ಲಿ ಇಲ್ಲ ಎಂದು ಗೊತ್ತಾಯಿತು, ಅದು ಒಳ್ಳೆಯ ಸುದ್ದಿಯೇ. ಆದರೆ ನೀವು ಆಸ್ಪತ್ರೆಗೆ ಹೋಗಿದ್ದು ಬೇರೆ ಪ್ರಶ್ನೆ ಹಿಡಿದುಕೊಂಡು, ಅಲ್ವಾ? ಎದೆ ಯಾಕೆ ಬಿಗಿಯುತ್ತದೆ ಎಂಬುದಕ್ಕೆ ಯಾರೂ ಇನ್ನೂ ಉತ್ತರ ಹುಡುಕಿಲ್ಲ.

ನಿಮ್ಮ ತೋಟದಲ್ಲಿ ಡ್ರಿಪ್ ಹಾಕಿಸಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇನ್ ಲೈನ್ ಸರಿ ಇದೆ, ಮೋಟಾರ್ ಸರಿ ಇದೆ, ಆದರೂ ಒಂದು ಸಾಲಿನ ಗಿಡ ಬಾಡುತ್ತದೆ. ಹೋಗಿ ನೋಡಿದರೆ ಡ್ರಿಪ್ಪರ್‌ಗಳಲ್ಲಿ ಉಪ್ಪು ಕಟ್ಟಿರುತ್ತದೆ. ಹೃದಯದಲ್ಲೂ ಮೇನ್ ಲೈನ್ ಎಂದರೆ ಸುಮಾರು 2ರಿಂದ 4 ಮಿಲಿಮೀಟರ್ ಅಗಲದ ನಾಳಗಳು. ಅವು ಕವಲೊಡೆದು, ಕೂದಲಿನಷ್ಟು, ಕೊನೆಗೆ ಕೂದಲಿಗಿಂತ ಸಣ್ಣದಾಗಿ ಮಾಂಸದೊಳಗೆ ಇಳಿಯುತ್ತವೆ. ಆಂಜಿಯೋಗ್ರಾಮ್ ತೆರೆಯ ಮೇಲೆ ಕಾಣುವುದು ಹೆಚ್ಚೆಂದರೆ ಅರ್ಧ ಮಿಲಿಮೀಟರ್‌ವರೆಗಿನ ನಾಳ. ಅದಕ್ಕಿಂತ ಸಣ್ಣವು ಕಾಣುವುದೇ ಇಲ್ಲ. ಆದರೆ ಮಾಂಸದ ಯಾವ ಭಾಗಕ್ಕೆ ಎಷ್ಟು ರಕ್ತ ಹೋಗಬೇಕು ಎಂದು ನಿರ್ಧರಿಸುವುದು ಆ ಸಣ್ಣ ನಾಳಗಳೇ.

ಡ್ರಿಪ್ ಹೋಲಿಕೆ ಒಂದು ಕಡೆ ಸಾಲದು. ಡ್ರಿಪ್ಪರ್ ಯಾವಾಗಲೂ ಒಂದೇ ಅಳತೆಯಲ್ಲಿರುತ್ತದೆ. ಸಣ್ಣ ರಕ್ತನಾಳ ಜೀವಂತ, ಬೇಕಾದಾಗ ಹಿಗ್ಗುತ್ತದೆ, ಬೇಡವಾದಾಗ ಕುಗ್ಗುತ್ತದೆ. ನೀವು ಸುಮ್ಮನೆ ಕೂತಾಗಲೂ ಹೃದಯದ ಮಾಂಸ ತನಗೆ ಬರುವ ರಕ್ತದಿಂದ ಹತ್ತಿರ ಹತ್ತಿರ ಶೇಕಡಾ 70ರಷ್ಟು ಆಮ್ಲಜನಕ ಹೀರಿಬಿಟ್ಟಿರುತ್ತದೆ. ಕೊಡ ಹೊತ್ತು ನಡೆದಾಗ ಜಾಸ್ತಿ ಬೇಕು ಎಂದರೆ ಅದಕ್ಕಿರುವ ದಾರಿ ಒಂದೇ, ರಕ್ತದ ಹರಿವನ್ನೇ ಹೆಚ್ಚಿಸುವುದು. ಆರೋಗ್ಯವಂತರಲ್ಲಿ ಸಣ್ಣ ನಾಳಗಳು ಹಿಗ್ಗಿ ಹರಿವನ್ನು ಮೂರು ನಾಲ್ಕು ಪಟ್ಟು ಏರಿಸುತ್ತವೆ. ಅವು ಹಿಗ್ಗದಿದ್ದರೆ, ಅಥವಾ ಹಿಗ್ಗಬೇಕಾದ ಹೊತ್ತಿನಲ್ಲಿ ಸೆಟೆದುಕೊಂಡರೆ, ದೊಡ್ಡ ನಾಳ ಎಷ್ಟೇ ಚೆನ್ನಾಗಿದ್ದರೂ ಮಾಂಸಕ್ಕೆ ರಕ್ತ ಸಾಲುವುದಿಲ್ಲ. ಆಗ ಬರುವ ನೋವು ಬ್ಲಾಕ್ ಇದ್ದವರಿಗೆ ಬರುವಂಥದ್ದೇ ನಿಜವಾದ ಆಂಜೈನಾ. ವೈದ್ಯರು ಇದನ್ನು ಮೈಕ್ರೋವ್ಯಾಸ್ಕುಲರ್ ಆಂಜೈನಾ ಅನ್ನುತ್ತಾರೆ. ಸಣ್ಣ ನಾಳಗಳ ಕಾಯಿಲೆ ಎಂದರೆ ಸಾಕು.

ಇದೇನೂ ಹೊಸದಾಗಿ ಹುಟ್ಟಿದ ರೋಗವಲ್ಲ. 1973ರಲ್ಲಿ ಹಾರ್ವೆ ಕೆಂಪ್ ಎಂಬ ಅಮೆರಿಕದ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆಯುವಾಗ 'ಸಿಂಡ್ರೋಮ್ ಎಕ್ಸ್' ಎಂಬ ಹೆಸರು ಬಳಸಿದರು. ಆ ಹೆಸರು ಬಹಳ ವರ್ಷ ಉಳಿಯಿತು. ಕಾರಣ ಗೊತ್ತಿಲ್ಲ ಎಂಬುದು ನಿಧಾನಕ್ಕೆ 'ಕಾಯಿಲೆಯೇ ಇಲ್ಲ' ಎಂದಾಗಿ ಹೋಯಿತು. ನಾನು ಓದುವಾಗಲೂ ಹಾಗೇ ಕಲಿತಿದ್ದೆ. "ನಿಮ್ಮದು ನಾರ್ಮಲ್ಲಮ್ಮ, ಧೈರ್ಯವಾಗಿರಿ" ಎಂದು ಎಷ್ಟೋ ಹೆಣ್ಣುಮಕ್ಕಳನ್ನು ಕಳಿಸಿದ್ದೇನೆ. ಅವರಲ್ಲಿ ಕೆಲವರಿಗೆ ತಪ್ಪು ಹೇಳಿ ಕಳಿಸಿದೆ ಎಂದು ಈಗ ಅರ್ಥವಾಗುತ್ತದೆ, ಅದು ಇವತ್ತಿಗೂ ಕಾಡುತ್ತದೆ. ಅಮೆರಿಕದಲ್ಲಿ 1996ರಲ್ಲಿ ಹೆಂಗಸರ ಎದೆನೋವಿನ ಬಗ್ಗೆಯೇ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಬ್ಲಾಕ್ ಇಲ್ಲದ ಹೆಂಗಸರಲ್ಲಿ ಅನೇಕರಿಗೆ ಸಣ್ಣ ನಾಳಗಳು ಸರಿಯಾಗಿ ಹಿಗ್ಗುವುದಿಲ್ಲ ಎಂಬುದು ಅಲ್ಲಿಂದ ಗಟ್ಟಿಯಾಗಿ ಗೊತ್ತಾಯಿತು.

ಶುಗರ್‌ಗೂ ಇದಕ್ಕೂ ಏನು ಸಂಬಂಧ? ಸಕ್ಕರೆ ಕಾಯಿಲೆ ಮೂಲತಃ ಸಣ್ಣ ನಾಳಗಳನ್ನೇ ಹಾಳುಮಾಡುತ್ತದೆ. ಕಣ್ಣಿನ ಪರದೆ, ಕಿಡ್ನಿ, ಕಾಲಿನ ನರ ಕೆಡುವುದು ಇದರಿಂದಲೇ. ಹೃದಯದ ಸಣ್ಣ ನಾಳಗಳನ್ನು ಮಾತ್ರ ಅದು ಬಿಡಲು ಕಾರಣವಿಲ್ಲ. ನಾಳದ ಒಳಪದರ 'ಹಿಗ್ಗು' ಎಂದು ಹೇಳಲು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ. ವರ್ಷಗಟ್ಟಲೆ ಶುಗರ್ ಏರಿದ್ದರೆ ಅದು ಕಡಿಮೆಯಾಗುತ್ತದೆ, ಗೋಡೆಯೂ ದಪ್ಪವಾಗುತ್ತದೆ. ಅದಕ್ಕೇ ನನ್ನ ಮೊದಲ ಸಲಹೆಗಳಲ್ಲಿ ಒಂದು ನಿಮಗೆ ವಿಚಿತ್ರ ಅನ್ನಿಸಬಹುದು: ಕಣ್ಣಿನ ಪರದೆ ತೋರಿಸಿ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಅಲ್ಲಿ ಹಾನಿ ಕಂಡರೆ ಹೃದಯದಲ್ಲೂ ಇರಬಹುದು ಎಂಬ ಅನುಮಾನ ಜಾಸ್ತಿಯಾಗುತ್ತದೆ. ಅಲ್ಲಿ ಸರಿ ಇದೆ ಎಂದ ಮಾತ್ರಕ್ಕೆ ಹೃದಯವೂ ಸರಿ ಎನ್ನಲು ಮಾತ್ರ ಬರುವುದಿಲ್ಲ.

ಹೆಂಗಸರಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಮುಟ್ಟು ಇರುವವರೆಗೆ ಈಸ್ಟ್ರೋಜನ್ ಹಾರ್ಮೋನ್ ನಾಳಗಳು ಹಿಗ್ಗಲು ನೆರವಾಗುತ್ತದೆ. ಅದು ಇಳಿದ ಮೇಲೆ ಆ ನೆರವು ಹೋಗುತ್ತದೆ. ಹಾಗಂತ ಹೃದಯಕ್ಕಾಗಿ ಹಾರ್ಮೋನ್ ಮಾತ್ರೆ ಶುರುಮಾಡಬೇಡಿ, ಅದರಿಂದ ಹೃದಯಕ್ಕೆ ರಕ್ಷಣೆ ಸಿಗುವುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬಸುರಿಯಲ್ಲಿ ಬಿಪಿ ಏರಿತ್ತಾ, ಆಗಲೇ ಶುಗರ್ ಕಾಣಿಸಿಕೊಂಡಿತ್ತಾ ಎಂಬುದನ್ನೂ ನಿಮ್ಮ ವೈದ್ಯರಿಗೆ ಹೇಳಿ. ಮೂವತ್ತು ವರ್ಷ ಹಿಂದಿನ ಬಾಣಂತನಕ್ಕೂ ಈಗಿನ ಹೃದಯಕ್ಕೂ ಏನು ಅಂತ ಕೇಳಬೇಡಿ, ನಿಜಕ್ಕೂ ನಂಟಿದೆ.

ಈಗ ನಿಮ್ಮ ನೋವಿಗೆ ಬರೋಣ. ದೊಡ್ಡ ನಾಳದಲ್ಲಿ ಬ್ಲಾಕ್ ಇದ್ದವರಿಗೆ ಸಾಮಾನ್ಯವಾಗಿ ಕೂತ ಐದು ನಿಮಿಷದೊಳಗೆ ನೋವು ಇಳಿಯುತ್ತದೆ. ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟರೆ ಇನ್ನೂ ಬೇಗ. ಸಣ್ಣ ನಾಳದ ನೋವು ಹತ್ತು ನಿಮಿಷ ದಾಟಿಯೂ ಎಳೆಯುತ್ತದೆ, ಸಾರ್ಬಿಟ್ರೇಟ್ ಅರೆಬರೆ ಕೆಲಸ ಮಾಡುತ್ತದೆ. ಒಂದು ದಿನ ಅರ್ಧ ಮೈಲಿ ನಡೆದರೂ ಏನಾಗುವುದಿಲ್ಲ, ಇನ್ನೊಂದು ದಿನ ಅಂಗಳ ಗುಡಿಸಿದರೆ ಸಾಕು, ಹಿಡಿದುಕೊಳ್ಳುತ್ತದೆ. ಈ ಏರುಪೇರನ್ನು ನೋಡಿಯೇ ಎಷ್ಟೋ ವೈದ್ಯರು 'ಟೆನ್ಷನ್' ಎಂದುಬಿಡುತ್ತಾರೆ. ಗ್ಯಾಸ್ಟ್ರಿಕ್ ನೋವು ಹೆಚ್ಚಾಗಿ ಊಟಕ್ಕೆ, ಮಲಗುವುದಕ್ಕೆ, ಬಗ್ಗುವುದಕ್ಕೆ ಅಂಟಿಕೊಂಡಿರುತ್ತದೆ. ನಿಮ್ಮದು ನಡಿಗೆಗೆ, ಭಾರಕ್ಕೆ ಅಂಟಿಕೊಂಡಿದೆ. ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಯೂ ಕಡಿಮೆಯಾಗಿಲ್ಲ ಎಂಬುದೂ ಒಂದು ಉತ್ತರವೇ.

ಟಿಎಂಟಿ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದು ಪೂರ್ತಿ ತಪ್ಪಲ್ಲ. ಹೆಂಗಸರಲ್ಲಿ ಅದು ಕೆಲವೊಮ್ಮೆ ಸುಳ್ಳೇ ತೋರಿಸುತ್ತದೆ. ಆದರೆ ಓಡುವಾಗ ನಿಮ್ಮ ಮಾಮೂಲಿ ನೋವೇ ಬಂದು, ಅದೇ ಹೊತ್ತಿಗೆ ಇಸಿಜಿ ಗೆರೆ ಕೆಳಗಿಳಿದಿದ್ದರೆ, ಅದನ್ನು ಸುಳ್ಳು ಎಂದು ಪಕ್ಕಕ್ಕಿಡುವ ಮೊದಲು ಎರಡು ಸಲ ಯೋಚಿಸಬೇಕು. ಆ ಟಿಎಂಟಿ ಕಾಗದ ಬಿಸಾಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಮೊದಲು ಹಿಡಿಯುವುದು ನಿಮ್ಮ ರಕ್ತದ ಅಂಕಿ, 9.8. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ ಇಷ್ಟೇ ಇದ್ದರೆ, ಹರಿಯುವ ರಕ್ತ ಹೊತ್ತೊಯ್ಯುವ ಆಮ್ಲಜನಕವೇ ಕಡಿಮೆ. ನಾಳ ಹಿಗ್ಗದ ಹೃದಯಕ್ಕೆ ಇದು ಎರಡನೇ ಪೆಟ್ಟು. ಮುಟ್ಟು ನಿಂತು ನಾಲ್ಕು ವರ್ಷವಾದವರಿಗೆ ರಕ್ತ ಕಡಿಮೆಯಾದರೆ ಸುಮ್ನೆ ಕಬ್ಬಿಣದ ಮಾತ್ರೆ ಬರೆದು ಕಳಿಸುವುದು ಸರಿಯಲ್ಲ. ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ, ಕಿಡ್ನಿ ಹೇಗಿದೆ, ಬಿ12 ಎಷ್ಟಿದೆ ನೋಡಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಬಹಳ ದಿನ ನುಂಗಿದರೆ ಬಿ12 ಜೊತೆಗೆ ಕಬ್ಬಿಣವೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಿಮ್ಮ ನೋವಿಗೆಂದು ಕೊಟ್ಟ ಮಾತ್ರೆಯೇ ನೋವು ಹೆಚ್ಚಿಸುತ್ತಿರಬಹುದು. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ನಿದ್ದೆ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಕೊಟ್ಟವರನ್ನೇ ಕೇಳಿ ನಿಧಾನಕ್ಕೆ ಇಳಿಸಿ.

ಸಣ್ಣ ನಾಳದ ಕಾಯಿಲೆಯನ್ನು ಖಚಿತ ಮಾಡುವ ಪರೀಕ್ಷೆ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ ಒಬ್ಬರ ಕಥೆಯಲ್ಲೇ ಹೇಳುತ್ತೇನೆ. ಅವರು 58 ವರ್ಷದ ನಿವೃತ್ತ ಟೀಚರ್, ಒಂಬತ್ತು ವರ್ಷದ ಶುಗರ್. ಒಂದು ವರ್ಷದಲ್ಲಿ ಮೂರು ಸಲ ರಾತ್ರಿ ಎಮರ್ಜೆನ್ಸಿಗೆ ಹೋಗಿ, ಮೂರು ಸಲವೂ ಇಂಜೆಕ್ಷನ್ ಹಾಕಿಸಿಕೊಂಡು ವಾಪಸ್ ಬಂದಿದ್ದರು. ನನ್ನ ಹತ್ತಿರ ಬಂದಾಗ ಕೈಯಲ್ಲಿ ನಾರ್ಮಲ್ ಆಂಜಿಯೋಗ್ರಾಮ್ ಸಿಡಿ. "ಸಾರ್, ಬ್ಲಾಕ್ ಇದ್ದಿದ್ರೇ ಚೆನ್ನಾಗಿತ್ತು, ಯಾರಾದ್ರೂ ನಂಬ್ತಿದ್ರು" ಅಂದರು. ಆ ಮಾತು ನಾನು ಮರೆತಿಲ್ಲ.

ಅವರಿಗೆ ಒತ್ತಡ ಅಳೆಯುವ ತಂತಿಯ ಪರೀಕ್ಷೆ ಮಾಡಿದೆವು. ಆಂಜಿಯೋಗ್ರಾಮ್ ಮಾಡುವ ಹಾಗೆಯೇ ಮಣಿಕಟ್ಟಿನಿಂದ ಹೋಗಿ, ಕೂದಲೆಳೆಯಂಥ ತಂತಿಯನ್ನು ಹೃದಯದ ನಾಳದೊಳಗೆ ಇಡುತ್ತೇವೆ. ಮೊದಲು ವಿಶ್ರಾಂತಿಯಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತದೆ ಅಳೆಯುತ್ತೇವೆ. ಆಮೇಲೆ ಅಡೆನೊಸಿನ್ ಎಂಬ ಔಷಧಿ ಕೊಟ್ಟು ಸಣ್ಣ ನಾಳಗಳನ್ನು ಪೂರ್ತಿ ಹಿಗ್ಗಿಸಿ ಮತ್ತೆ ಅಳೆಯುತ್ತೇವೆ. ಹರಿವು ಎಷ್ಟು ಪಟ್ಟು ಏರಿತು ಎಂಬುದೇ ಮುಖ್ಯ. 2.5ಕ್ಕಿಂತ ಜಾಸ್ತಿ ಇದ್ದರೆ ನೆಮ್ಮದಿ, 2ಕ್ಕಿಂತ ಕಡಿಮೆ ಇದ್ದರೆ ತೊಂದರೆ. ಅವರದು 1.7 ಬಂತು. ಸಣ್ಣ ನಾಳಗಳು ಹರಿವಿಗೆ ಎಷ್ಟು ಅಡ್ಡಿ ಮಾಡುತ್ತವೆ ಎಂಬ ಇನ್ನೊಂದು ಅಳತೆ 25ರೊಳಗೆ ಇರಬೇಕು, ಅವರದು 32. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಔಷಧಿ ಹಾಕಿ ನೋಡಿದಾಗ ನಾಳ ಸೆಟೆದುಕೊಳ್ಳಲಿಲ್ಲ. ಅಂದರೆ ಅವರದು ಹಿಗ್ಗದ ತೊಂದರೆ, ಸೆಟೆಯುವ ತೊಂದರೆಯಲ್ಲ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಎರಡಕ್ಕೂ ಮಾತ್ರೆ ಬೇರೆ.

ಅಡೆನೊಸಿನ್ ಹೋಗುವಾಗ ಒಂದೆರಡು ನಿಮಿಷ ಎದೆ ಭಾರವಾಗಿ, ಉಸಿರು ಕಟ್ಟಿದಂತಾಗುತ್ತದೆ, ಔಷಧಿ ನಿಲ್ಲಿಸಿದ ಕೂಡಲೇ ಹೋಗುತ್ತದೆ. ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ಹಿಂದಿನ ದಿನದಿಂದ ಕಾಫಿ, ಟೀ ಬಿಡಬೇಕು, ಇಲ್ಲದಿದ್ದರೆ ಔಷಧಿ ಕೆಲಸ ಮಾಡದೆ ಅಂಕಿ ತಪ್ಪು ಬರುತ್ತದೆ. ತಂತಿಯಿಂದ ನಾಳಕ್ಕೆ ಗಾಯವಾಗುವ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದು ಹೇಳಲಾರೆ. ಅಸಿಟೈಲ್‌ಕೋಲಿನ್‌ನಿಂದ ನಾಡಿ ಸ್ವಲ್ಪ ಹೊತ್ತು ನಿಧಾನವಾಗಬಹುದು, ಲಯ ತಪ್ಪಬಹುದು. ತಂತಿ ಬೇಡ ಎಂದರೆ ಪೆಟ್ ಸ್ಕ್ಯಾನ್ ಅಥವಾ ಔಷಧಿ ಕೊಟ್ಟು ಮಾಡುವ ಹೃದಯದ ಎಂಆರ್‌ಐ ಇದೆ. ಇವೆಲ್ಲ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ ಸಿಗುತ್ತವೆ, ಖರ್ಚೂ ಇದೆ. ನನಗೆ ಬೇಜಾರಾಗುವುದು ಇಲ್ಲೇ. ಮೊದಲ ಆಂಜಿಯೋಗ್ರಾಮ್ ದಿನವೇ, ಟೇಬಲ್ ಮೇಲಿರುವಾಗಲೇ ಈ ಅಳತೆ ಮಾಡಿದ್ದರೆ ಎರಡನೇ ಸಲ ಚುಚ್ಚುವ ಅಗತ್ಯವೇ ಬರುವುದಿಲ್ಲ.

ಪರೀಕ್ಷೆಯಿಂದ ಲಾಭ ಇದೆಯಾ ಎಂದರೆ, ಇದೆ. ಸ್ಕಾಟ್ಲೆಂಡಿನಲ್ಲಿ 151 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಬ್ಲಾಕ್ ಇಲ್ಲದ ಎದೆನೋವು. ಎಲ್ಲರಿಗೂ ತಂತಿ ಪರೀಕ್ಷೆ ಮಾಡಿದರು. ಅರ್ಧ ಜನರ ಫಲಿತಾಂಶವನ್ನು ವೈದ್ಯರಿಗೆ ತಿಳಿಸಿ ಅದರಂತೆ ಮಾತ್ರೆ ಕೊಡಿಸಿದರು, ಉಳಿದರ್ಧ ಜನರದ್ದು ತಿಳಿಸಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನವರ ನೋವು ಎದ್ದು ಕಾಣುವಷ್ಟು ಕಡಿಮೆಯಾಗಿತ್ತು.

ಆದರೆ ಪರೀಕ್ಷೆ ಸಿಗದಿದ್ದರೆ ಚಿಕಿತ್ಸೆಯೇ ಇಲ್ಲ ಅಂದುಕೊಳ್ಳಬೇಡಿ. ಲಕ್ಷಣ ಇಷ್ಟು ಸ್ಪಷ್ಟವಾಗಿರುವಾಗ ಮಾತ್ರೆ ಶುರುಮಾಡಿ, ಆರೆಂಟು ವಾರ ನೋಡಿ, ಬದಲಿಸುತ್ತ ಹೋಗುವುದೂ ಒಪ್ಪುವ ದಾರಿಯೇ. ಅದರ ಅಪಾಯ ಏನೆಂದರೆ ಊಹೆ ತಪ್ಪಿರಬಹುದು. ಹಿಗ್ಗದ ನಾಳಕ್ಕೆ ನಾವು ಸಾಮಾನ್ಯವಾಗಿ ನೆಬಿವೊಲಾಲ್‌ನಂಥ ಬೀಟಾ ಬ್ಲಾಕರ್ ಕೊಡುತ್ತೇವೆ. ಅದು ನಾಡಿ ನಿಧಾನ ಮಾಡಿ ಹೃದಯದ ಕೆಲಸ ಇಳಿಸುತ್ತದೆ. ಸೆಟೆಯುವ ನಾಳಕ್ಕೆ ಬೀಟಾ ಬ್ಲಾಕರ್ ಕೆಲವೊಮ್ಮೆ ನೋವು ಹೆಚ್ಚಿಸುತ್ತದೆ, ಅಲ್ಲಿ ಡಿಲ್ಟಿಯಾಜೆಮ್, ಆಮ್ಲೊಡಿಪಿನ್ ಬೇಕು. ರಾತ್ರಿ ಮಲಗಿದ್ದಾಗ, ನಸುಕಿನಲ್ಲಿ ನೋವು ಬಂದರೆ ಸೆಟೆತದ ಕಡೆ ಯೋಚಿಸುತ್ತೇವೆ. ನೀವು ಬರೆದದ್ದರಲ್ಲಿ ಅದಿಲ್ಲ, ಹಾಗಾಗಿ ನನ್ನ ಮೊದಲ ಆಯ್ಕೆ ಬೀಟಾ ಬ್ಲಾಕರ್. ಆದರೆ ಶುಗರ್ ಇರುವವರು ಒಂದು ತಿಳಿದಿರಬೇಕು. ಶುಗರ್ ಇಳಿದಾಗ ಆಗುವ ಎದೆಬಡಿತ, ಕೈನಡುಕ ಈ ಮಾತ್ರೆಯಿಂದ ಮರೆಯಾಗುತ್ತದೆ. ಬೆವರು ಮಾತ್ರ ಬರುತ್ತದೆ. ಬೆವರಿದರೆ ಶುಗರ್ ನೋಡಿಕೊಳ್ಳಿ. ಬೀಟಾ ಬ್ಲಾಕರ್ ಮತ್ತು ಡಿಲ್ಟಿಯಾಜೆಮ್ ಎರಡನ್ನೂ ಒಟ್ಟಿಗೆ ಕೊಟ್ಟರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಬ್ಬರು ವೈದ್ಯರು ಬೇರೆ ಬೇರೆ ಚೀಟಿ ಬರೆದಾಗ ಇದು ಆಗಿಬಿಡುತ್ತದೆ.

ಇದು ಸಾಲದಿದ್ದರೆ ರಾನೊಲಜಿನ್ ಸೇರಿಸುತ್ತಾರೆ. ಮಲಬದ್ಧತೆ, ತಲೆಸುತ್ತು ಬರಬಹುದು, ಮೊದಲು ಇಸಿಜಿ ತೆಗೆಯಬೇಕು. ನಿಮಗೆ ವಿಶೇಷವಾಗಿ ಹೇಳಬೇಕಾದ್ದು: ರಾನೊಲಜಿನ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರಿಸುತ್ತದೆ. ರಾನೊಲಜಿನ್ 1000 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರೆ ಮೆಟ್‌ಫಾರ್ಮಿನ್ ದಿನಕ್ಕೆ 1700 ಮಿಲಿಗ್ರಾಂ ದಾಟಬಾರದು. ನೀವು ಈಗ 2000 ತೆಗೆದುಕೊಳ್ಳುತ್ತಿದ್ದೀರಿ. ನಿಕೊರಾಂಡಿಲ್ ಕೊಟ್ಟರೆ ತಲೆನೋವು ಸಾಮಾನ್ಯ. ಬಾಯಲ್ಲಿ ವಾಸಿಯಾಗದ ಹುಣ್ಣು ಬಂದರೆ ಅದು ಬಾಯಿಯ ಕಾಯಿಲೆ ಅಂದುಕೊಳ್ಳದೆ ಮಾತ್ರೆಯ ಮೇಲೆ ಅನುಮಾನಪಡಿ.

ನೋವು ತಗ್ಗಿಸುವ ಮಾತ್ರೆಗಳ ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬೇಕು. ಅದನ್ನು ನಿಲ್ಲಿಸಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಐವತ್ತು ದಾಟಿದ, ಶುಗರ್ ಇರುವವರಿಗೆ ಆಂಜಿಯೋಗ್ರಾಮ್ ಹೇಗೇ ಇರಲಿ, ಸ್ಟ್ಯಾಟಿನ್ ಕೊಡುವ ಕಾರಣ ಇದ್ದೇ ಇದೆ. ಆಸ್ಪಿರಿನ್ ವಿಷಯ ಬೇರೆ. ರಕ್ತ 9.8 ಇರುವಾಗ, ಸೋರಿಕೆ ಇಲ್ಲ ಎಂದು ಗೊತ್ತಾಗುವವರೆಗೆ ಅದನ್ನು ನೀವಾಗಿಯೇ ಶುರುಮಾಡಬೇಡಿ. ಶುಗರ್ 8.6ರಿಂದ 7ರ ಹತ್ತಿರ ಬರಬೇಕು, ಒಂದೇ ತಿಂಗಳಲ್ಲಿ ಅಲ್ಲ, ನಿಧಾನವಾಗಿ. ನಡಿಗೆ ಬಿಡಬೇಡಿ. ನೋವು ಶುರುವಾಗುವ ವೇಗ ನಿಮಗೆ ಗೊತ್ತಿದೆ, ಅದಕ್ಕಿಂತ ಸ್ವಲ್ಪ ಕೆಳಗಿನ ವೇಗದಲ್ಲಿ ದಿನಾ ನಡೆಯಿರಿ. ಊಟ ಆದ ಕೂಡಲೇ, ಚಳಿಯ ಗಾಳಿಯಲ್ಲಿ ಬೇಡ.

ಆ ಟೀಚರ್‌ಗೆ ನೆಬಿವೊಲಾಲ್ 2.5 ಮಿಲಿಗ್ರಾಂನಿಂದ ಶುರುಮಾಡಿ 5ಕ್ಕೆ ಏರಿಸಿದೆವು. ಜೊತೆಗೆ ಕೊಟ್ಟ ರಾಮಿಪ್ರಿಲ್ ಎಂಬ ಬಿಪಿ ಮಾತ್ರೆಗೆ ಒಣ ಕೆಮ್ಮು ಬಂತು, ಟೆಲ್ಮಿಸಾರ್ಟನ್‌ಗೆ ಬದಲಿಸಿದೆವು. ಸ್ಟ್ಯಾಟಿನ್ ಮುಂದುವರಿಯಿತು. ಮೂರು ತಿಂಗಳಾದ ಮೇಲೆ, ದಿನಾ ಬರುತ್ತಿದ್ದ ನೋವು ವಾರಕ್ಕೊಂದು ಸಲಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ನಿಮಗೂ ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಅವರು ರಾತ್ರಿ ಎಮರ್ಜೆನ್ಸಿಗೆ ಓಡುವುದು ನಿಂತಿತು.

ಹಾರ್ಟ್ ಅಟ್ಯಾಕ್ ಬಗ್ಗೆ ಕೇಳಿದ್ದೀರಿ. ದೊಡ್ಡ ನಾಳಗಳಲ್ಲಿ ಬ್ಲಾಕ್ ಇರುವವರಷ್ಟು ಅಪಾಯ ನಿಮಗಿಲ್ಲ. ಆದರೆ ಸಣ್ಣ ನಾಳ ಕೆಟ್ಟವರಿಗೆ ಹಾರ್ಟ್ ಅಟ್ಯಾಕ್ ಮತ್ತು ಹೃದಯ ಬಿಗಿಯಾಗಿ ಸೋಲುವ ಸಂಭವ, ಏನೂ ಇಲ್ಲದವರಿಗಿಂತ ಜಾಸ್ತಿ. ಕಾಲು ಊದಿದರೆ, ಮಲಗಿದರೆ ಉಸಿರು ಸಿಕ್ಕಿಹಾಕಿಕೊಂಡರೆ ತಡಮಾಡದೆ ಎಕೋ ಮಾಡಿಸಿ.

ಈ ಕೊನೆಯ ಭಾಗವನ್ನು ಮನೆಯವರಿಗೆ ಓದಿ ಹೇಳಿ. ನಿಮ್ಮ ಮಾಮೂಲಿ ನೋವು ಹದಿನೈದು ಇಪ್ಪತ್ತು ನಿಮಿಷದ್ದು, ಕೆಲಸ ಮಾಡಿದಾಗ ಬರುವಂಥದ್ದು. ಸುಮ್ಮನೆ ಕೂತಾಗಲೇ ಬಂದರೆ, ಮಾಮೂಲಿಗಿಂತ ಜೋರಾಗಿದ್ದರೆ, ಇಪ್ಪತ್ತು ನಿಮಿಷ ದಾಟಿದರೆ, ಇಲ್ಲವೇ ಜೊತೆಗೆ ತಣ್ಣನೆ ಬೆವರು, ವಾಂತಿ, ಉಸಿರುಗಟ್ಟುವುದು, ಕಣ್ಣು ಕತ್ತಲಾಗುವುದು ಇದ್ದರೆ, "ಆಂಜಿಯೋಗ್ರಾಮ್ ನಾರ್ಮಲ್ ಇದೆಯಲ್ಲ" ಎಂದು ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಹೃದಯಕ್ಕೆ ಪೆಟ್ಟಾಗಿದೆಯಾ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಕೇಳಿ. ಮೊದಲ ಟ್ರೋಪೋನಿನ್ ಸರಿ ಇದ್ದರೂ ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಬೇಕು. ಹೋಗುವಾಗ ಆ ಟಿಎಂಟಿ ಕಾಗದ, ಆಂಜಿಯೋಗ್ರಾಮ್ ಸಿಡಿ, ಹಳೆಯ ಇಸಿಜಿ ಒಂದೇ ಚೀಲದಲ್ಲಿರಲಿ. ಹಳೆಯ ಇಸಿಜಿ ಪಕ್ಕದಲ್ಲಿಟ್ಟು ನೋಡಿದರೆ ಹೊಸದರಲ್ಲಿ ಏನು ಬದಲಾಗಿದೆ ಎಂದು ಡ್ಯೂಟಿ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.